ಚೈನು ಹಾಕಿದರೆ ಮಾತ್ರ ರೌದ್ರಾವತಾರ

"ಮನೇಲಿ ಇಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ ಸಾರ್, ಬೀದಿಗೆ ಇಳಿದರೆ ಮಾತ್ರ ರಾಕ್ಷಸಿ." ನಾಯಿ ಸಾಕಿದವರ ಬಾಯಲ್ಲಿ ಈ ಮಾತು ಪದೇ ಪದೇ ಕೇಳುತ್ತೇನೆ. ವಾಕಿಂಗ್ ಹೋದಾಗ ದೂರದಲ್ಲಿ ಇನ್ನೊಂದು ನಾಯಿ ಕಂಡರೆ ಸಾಕು, ಹಿಂಗಾಲ ಮೇಲೆ ನಿಂತು ಬೊಗಳಿ, ಹಿಡಿದವರ ಭುಜ ಕಿತ್ತುಬರುವಂತೆ ಜಗ್ಗುತ್ತದೆ.

ಸ್ವತಂತ್ರವಾಗಿರುವ ನಾಯಿಗಳು ಹೊಸಬರ ಮೇಲೆ ನೇರವಾಗಿ ನುಗ್ಗುವುದು ಕಡಿಮೆ. ಸ್ವಲ್ಪ ಬಳಸಿಕೊಂಡು ಬಂದು, ಮೂಸಿ, ಸರಿಹೋಗದಿದ್ದರೆ ದೂರ ಸರಿಯುತ್ತವೆ. ಆರಡಿ ಚೈನಿನಲ್ಲಿ, ಕಿರಿದಾದ ಫುಟ್‌ಪಾತಿನಲ್ಲಿ ಬಳಸಿ ಬರಲೂ ಜಾಗವಿಲ್ಲ, ಓಡಿಹೋಗಲೂ ದಾರಿಯಿಲ್ಲ. ಆಗ ಉಳಿಯುವುದು ಬೊಗಳುವ ದಾರಿ. ಬೊಗಳಿದಾಗ ಎದುರಿನವರು ತಮ್ಮ ನಾಯಿಯನ್ನು ಎಳೆದುಕೊಂಡು ಹೋಗುತ್ತಾರೆ. ಉಪಾಯ ಫಲಿಸಿತೆಂದು ನಮ್ಮ ನಾಯಿ ಕಲಿಯುತ್ತದೆ. ಕೆಲವು ಹೆದರಿಕೆಯಿಂದಲ್ಲ, ಹೋಗಿ ಆಡಲು ಬಿಡಲಿಲ್ಲವೆಂಬ ಸಿಟ್ಟಿಗೆ ಹೀಗಾಡುತ್ತವೆ. ಎರಡಕ್ಕೂ ಮದ್ದು ಹೆಚ್ಚುಕಡಿಮೆ ಒಂದೇ. ಕುತ್ತಿಗೆ ಬಿಗಿಯುವ ಚೋಕ್ ಚೈನು ಮದ್ದಲ್ಲ. ಇನ್ನೊಂದು ನಾಯಿ ಕಂಡಾಗಲೆಲ್ಲ ಕುತ್ತಿಗೆ ನೋಯುತ್ತಿದ್ದರೆ ಆ ನಾಯಿಯ ಮೇಲಿನ ದ್ವೇಷಕ್ಕೆ ಕಾರಣ ಇನ್ನೊಂದು ಸೇರಿತಷ್ಟೆ.

ಮದ್ದು ಎಂದರೆ ದೂರ. ಇದರ ಮೂಲ ಮನುಷ್ಯರ ಭಯಚಿಕಿತ್ಸೆಯಲ್ಲಿದೆ. ಜೋಸೆಫ್ ವೋಲ್ಪ್ ಎಂಬ ಮನೋವೈದ್ಯ ಹೆದರಿದ ಬೆಕ್ಕುಗಳಿಗೆ, ಹೆದರಿಸಿದ ಕೋಣೆಗಿಂತ ಬೇರೆಯಾಗಿ ಕಾಣುವ ಕೋಣೆಯಲ್ಲಿ ಮೊದಲು ಊಟ ಕೊಟ್ಟು, ಮೆಲ್ಲಮೆಲ್ಲಗೆ ಆ ಕೋಣೆಯನ್ನು ಹೋಲುವ ಕೋಣೆಗಳಿಗೆ ಒಯ್ದ. ಅದರಿಂದ ಮನುಷ್ಯರಿಗೆಂದು ರೂಪಿಸಿದ ವಿಧಾನವನ್ನು 1958ರಲ್ಲಿ ಪುಸ್ತಕವಾಗಿ ತಂದ. ನಾವು ನಾಯಿಗೆ ಮಾಡುವುದೂ ಅದನ್ನೇ.

ಜಯನಗರದ ಒಂದು ಮನೆಯ ರಾಣಿಯನ್ನೇ ನೋಡಿ. ಮೂರು ವರ್ಷದ ನಾಡತಳಿ ಹೆಣ್ಣು. ದೊಡ್ಡ ಮೈದಾನದ ಒಂದು ಅಂಚಿನಲ್ಲಿ ಪರಿಚಿತರ ಮುದಿ ಲ್ಯಾಬ್ರಡಾರ್ ಅನ್ನು ಕೂರಿಸಿ, ರಾಣಿಯನ್ನು ಇನ್ನೊಂದು ಅಂಚಿನಿಂದ ತಂದೆವು. ಸುಮಾರು ಅರವತ್ತು ಅಡಿಯಲ್ಲಿ ಅವಳು ನೋಡಿ, ನೆಲ ಮೂಸಿ ಮುಂದೆ ನಡೆದಳು. ನಲವತ್ತಕ್ಕೆ ಬಂದಾಗ ತೆರೆದಿದ್ದ ಬಾಯಿ ಟಪ್ಪನೆ ಮುಚ್ಚಿತು, ಮೈ ಮುಂದಕ್ಕೆ ವಾಲಿತು, ಬೆರಳಿನಿಂದ ಮೆತ್ತಗೆ ತಿನ್ನುತ್ತಿದ್ದವಳು ಚಿಕನ್ನಿನ ಜೊತೆ ಬೆರಳನ್ನೂ ಕಚ್ಚಿದಳು. ಬೊಗಳುವ ಮೊದಲಿನ ಗಳಿಗೆ ಇದು. ತಿಂಡಿಯನ್ನು ಮುಟ್ಟದೇ ಹೋದರೆ ಆಗಲೇ ತಡವಾಗಿದೆ. ಹಾಗಾಗಿ ಅರವತ್ತರಲ್ಲೇ ಶುರು ಮಾಡಿದೆವು.

ಅಲ್ಲಿ ಅನುಕ್ರಮವೇ ಮುಖ್ಯ. ಮೊದಲು ರಾಣಿ ಆ ನಾಯಿಯನ್ನು ನೋಡಬೇಕು, ನೋಡಿದ ಮೇಲೆ ಕೈ ಜೇಬಿಗೆ ಹೋಗಬೇಕು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಚಿಕನ್, ಕಡಲೆಕಾಳಿನಷ್ಟು ಚೂರು. ಲ್ಯಾಬ್ರಡಾರ್ ಕಾಣುವಷ್ಟು ಹೊತ್ತು ಚೂರಿನ ಮೇಲೆ ಚೂರು. ಮರದ ಹಿಂದೆ ಮರೆಯಾದರೆ ಸಮಾರಾಧನೆ ಬಂದ್. ಬಹಳ ಜನ ನಾಯಿ ಬರುವುದನ್ನು ತಾವೇ ಮೊದಲು ಕಂಡು, ಗಮನ ಬೇರೆಡೆ ಸೆಳೆಯಲು ಬಿಸ್ಕತ್ತು ತೋರಿಸುತ್ತಾರೆ. ಆಗ ಪಾಠ ತಿರುವುಮುರುವು: ಬಿಸ್ಕತ್ತು ಹೊರಬಂದರೆ ಎಲ್ಲೋ ಶತ್ರು ಬಂದಿದ್ದಾನೆ ಎಂದರ್ಥ.

ಮುಂದೆ ಸಾಗಬಹುದೆಂದು ಹೇಳುವವಳು ರಾಣಿಯೇ. ಲ್ಯಾಬ್ರಡಾರ್ ಕಂಡೊಡನೆ ಯಾರೂ ಕರೆಯದೆ ಯಜಮಾನರತ್ತ ತಿರುಗಿ "ಎಲ್ಲಿ ನನ್ನ ಚಿಕನ್?" ಎಂಬಂತೆ ನೋಡತೊಡಗಿದಾಗ ಐದಡಿ ಹತ್ತಿರವಾದೆವು. ಕೂತಿದ್ದ ನಾಯಿ ಎದ್ದು ನಡೆದಾಡಲು ತೊಡಗಿದ ದಿನ ಮತ್ತೆ ಅರವತ್ತಕ್ಕೇ ಹಿಂತಿರುಗಿದೆವು. ದೂರವನ್ನೂ ಚಲನೆಯನ್ನೂ ಒಟ್ಟಿಗೆ ಕಷ್ಟ ಮಾಡಬಾರದು. ಆಮೇಲೆ ಎರಡೂ ನಾಯಿಗಳು ಒಂದೇ ದಿಕ್ಕಿಗೆ, ನಡುವೆ ಅಗಲವಾದ ಜಾಗ ಬಿಟ್ಟು, ಸಮಾನಾಂತರವಾಗಿ ನಡೆದವು. ಮುಖಾಮುಖಿ ಬರುವುದು ಎಲ್ಲಕ್ಕಿಂತ ಕಠಿಣ, ಅದು ಕೊನೆಗೆ.

ಒಂದು ದಿನ ಗೇಟಿನಾಚೆಯ ನಾಯಿ ಏಕಾಏಕಿ ಹಾರಿ ಬೊಗಳಿದಾಗ ರಾಣಿಯೂ ಸ್ಫೋಟಿಸಿದಳು. ಅಂಥ ದಿನದ ಉದ್ವೇಗ ಐದು ನಿಮಿಷಕ್ಕೆ ಇಳಿಯುವುದಿಲ್ಲ. ನಿನ್ನೆ ಸಹಿಸಿದ ದೂರವನ್ನೂ ಆಗ ಸಹಿಸಲಾರಳು. ಮರುದಿನ ವಾಕಿಂಗ್ ರದ್ದು, ಅಂಗಳದಲ್ಲಿ ಹುಲ್ಲಿನ ನಡುವೆ ತಿಂಡಿಯ ಚೂರು ಚೆಲ್ಲಿ ಮೂಸಿ ಹುಡುಕುವ ಆಟ.

ನಮ್ಮೂರಿನ ದೊಡ್ಡ ತೊಡಕು ಬೀದಿನಾಯಿಗಳು. ನಾವು ದೂರ ಕಾಯ್ದುಕೊಂಡರೂ ಅವು ಓಡಿಬರುತ್ತವೆ. ರಾಣಿಯ ಯಜಮಾನರು ಒಂದು ಹಿಡಿ ಬಿಸ್ಕತ್ತನ್ನು ಅವುಗಳತ್ತ ಎಸೆದು, ಚೈನು ಸಡಿಲವಾಗಿಯೇ ಹಿಡಿದು ಹಿಂದಕ್ಕೆ ತಿರುಗುತ್ತಾರೆ. ಈ ತಿರುಗುವಿಕೆಯನ್ನು ಮನೆಯೊಳಗೆ ಮೊದಲೇ ಆಟದಂತೆ ಕಲಿಸಿದ್ದರು. ನಸುಕಿಗೆ ಹೊರಡುವುದನ್ನು ಬಿಟ್ಟು, ಬೀದಿನಾಯಿಗಳು ಬಿಸಿಲು ಕಾಯಿಸುತ್ತ ಮಲಗುವ ಹೊತ್ತಿಗೆ ಹೊರಡುತ್ತಾರೆ. ಡಾಂಬರು ಕಾದಿದೆಯೇ ಎಂದು ಮಾತ್ರ ಮುಂಗೈ ಇಟ್ಟು ನೋಡಬೇಕು.

ಮೊದಲು ಸಾಧುವಾಗಿದ್ದ ನಾಯಿ ದಿಢೀರನೆ ಹೀಗಾದರೆ ಚಿಕನ್ ಬೇಯಿಸುವ ಮೊದಲು ಪಶುವೈದ್ಯರಲ್ಲಿಗೆ ಹೋಗಿ. ಕೀಲುನೋವೋ ಕಿವಿಯ ಸೋಂಕೋ ಇರಬಹುದು. ಈಗಾಗಲೇ ಕಚ್ಚಿ ಗಾಯ ಮಾಡಿರುವ ನಾಯಿಗೆ ಬಾಯಿಕುಕ್ಕೆ ಅಭ್ಯಾಸ ಮಾಡಿಸಿ, ಅನುಭವಿಗಳ ಜೊತೆಯಲ್ಲೇ ಮುಂದುವರಿಯಿರಿ.

ರಾಣಿ ಈಗ ರಸ್ತೆಯ ಆಚೆ ಬದಿಯ ನಾಯಿಯನ್ನು ನೋಡಿ, ಚಿಕನ್ ಕೇಳಿ, ಮುಂದೆ ಹೋಗುತ್ತಾಳೆ. ಒಂದೇ ಫುಟ್‌ಪಾತಿನಲ್ಲಿ ಎದುರಾದರೆ ಇನ್ನೂ ಆಗದು. ಅವಳ ಯಜಮಾನರು ರಸ್ತೆ ದಾಟುತ್ತಾರೆ.