ಛತ್ರದ ಅಡ್ವಾನ್ಸ್ ಯಾರ ಹಣ?

ಕಮ್ಮನಹಳ್ಳಿ, ಲಿಂಗರಾಜಪುರ, ಬಾಣಸವಾಡಿ, ಕಾಚರಕನಹಳ್ಳಿ ಹೀಗೆ ಬೆಂಗಳೂರಿನ ಸರ್ವಜ್ಞನಗರದ ಯಾವ ಬಡಾವಣೆಯ ಕಲ್ಯಾಣ ಮಂಟಪಕ್ಕೆ ಹೋದರೂ ಬುಕಿಂಗ್ ನಡೆಯುವ ಕ್ರಮ ಹೆಚ್ಚುಕಡಿಮೆ ಒಂದೇ. ಪುರೋಹಿತರು ಮುಹೂರ್ತ ಇಟ್ಟುಕೊಟ್ಟ ಮೇಲೆ ಹೆಣ್ಣಿನ ಕಡೆಯವರು ಛತ್ರದ ಆಫೀಸಿಗೆ ಬರುತ್ತಾರೆ. ಡೈರಿಯಲ್ಲಿ ದಿನ ಖಾಲಿ ಇದ್ದರೆ ಅಡ್ವಾನ್ಸ್ ಕಟ್ಟಿ ರಸೀದಿ ಪಡೆಯುತ್ತಾರೆ. ರಸೀದಿಯ ಕೆಳಗೆ ಸಣ್ಣ ಅಕ್ಷರದಲ್ಲಿ, ಯಾವುದೇ ಕಾರಣಕ್ಕೂ ಮುಂಗಡ ಹಣ ವಾಪಸ್ ಇಲ್ಲ ಎಂಬ ಅರ್ಥದ ಒಂದು ಸಾಲು ಇರುತ್ತದೆ. ಆಗ ಅದನ್ನು ಯಾರೂ ಓದುವುದಿಲ್ಲ. ಮದುವೆ ನಿಂತುಹೋದ ದಿನ ಮಾತ್ರ ಎಲ್ಲರೂ ಓದುತ್ತಾರೆ. ಈ ಸಾಲಿಗೆ ಕಾನೂನಿನಲ್ಲಿ ಇರುವ ಬೆಲೆ ಜನ ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಎಂಬುದು ನನ್ನ ವಾದ.

ಈ ಸಾಲು ದೊಡ್ಡ ಪರೀಕ್ಷೆಗೆ ಒಳಗಾದದ್ದು 2020ರಲ್ಲಿ, ಕೊರೋನಾ ಬಂದಾಗ. ಮಾರ್ಚ್ ಮಧ್ಯದಲ್ಲೇ ಕರ್ನಾಟಕ ಸರ್ಕಾರ ಮಾಲ್, ಚಿತ್ರಮಂದಿರಗಳ ಜೊತೆಗೆ ಮದುವೆಯಂಥ ಸಮಾರಂಭಗಳಿಗೂ ತಡೆ ಹಾಕಿತು. ಮಾರ್ಚ್ 25ರಿಂದ ಇಡೀ ದೇಶಕ್ಕೆ ಬೀಗ ಬಿತ್ತು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಕುಟುಂಬ ಏಪ್ರಿಲ್ ಕೊನೆಯ ವಾರದ ಮುಹೂರ್ತಕ್ಕೆ ಮೂರು ಲಕ್ಷ ರೂಪಾಯಿ ಬಾಡಿಗೆಯ ಛತ್ರ ಹಿಡಿದು ಒಂದೂವರೆ ಲಕ್ಷ ಅಡ್ವಾನ್ಸ್ ಕೊಟ್ಟಿದೆ. ಲಗ್ನಪತ್ರಿಕೆ ಅಚ್ಚಾಗಿದೆ, ಅದಕ್ಕೆ ಇಪ್ಪತ್ತು ಸಾವಿರ ಖರ್ಚಾಗಿದೆ. ಮಾಲೀಕರು ತಮ್ಮ ಕಡೆಯಿಂದ ಮಂಟಪದ ಹೂವಿನವರಿಗೆ ಮೂವತ್ತು ಸಾವಿರ ಮುಂಗಡ ಕೊಟ್ಟಿದ್ದಾರೆ. ಈಗ ಛತ್ರದ ಬಾಗಿಲು ತೆಗೆಯುವುದೇ ಅಪರಾಧ.

ಇಲ್ಲಿಗೆ ಅನ್ವಯವಾಗುವುದು 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 56. ಕರಾರು ಮಾಡಿಕೊಂಡ ಮೇಲೆ ಅದನ್ನು ನಡೆಸುವುದು ಅಸಾಧ್ಯವಾದರೆ, ಅಥವಾ ಯಾರೂ ತಡೆಯಲಾಗದ ಘಟನೆಯಿಂದ ಕಾನೂನುಬಾಹಿರವಾದರೆ, ಆ ಕ್ಷಣಕ್ಕೆ ಕರಾರು ಶೂನ್ಯವಾಗುತ್ತದೆ. ವಕೀಲರು ಇದನ್ನು ಫ್ರಸ್ಟ್ರೇಷನ್ ಎನ್ನುತ್ತಾರೆ. ಅಡಚಣೆ ತಾತ್ಕಾಲಿಕ, ಇನ್ನೊಂದು ದಿನ ಕೊಡುತ್ತೇವೆ ಎಂಬುದು ಛತ್ರದವರ ಮೊದಲ ಉತ್ತರ. ಇದಕ್ಕೆ ಉತ್ತರ ಸುಪ್ರೀಂ ಕೋರ್ಟ್ 1953ರಲ್ಲಿ ಕೊಟ್ಟ ಸತ್ಯಬ್ರತ ಘೋಷ್ ತೀರ್ಪಿನಲ್ಲಿದೆ. ಕಲ್ಕತ್ತೆಯ ಬಡಾವಣೆಯೊಂದರ ನಿವೇಶನಕ್ಕೆ 1940ರಲ್ಲಿ 101 ರೂಪಾಯಿ ಮುಂಗಡ ಕೊಡಲಾಗಿತ್ತು. ಮರುವರ್ಷ ಯುದ್ಧದ ಕಾರಣಕ್ಕೆ ಸರ್ಕಾರ ಆ ಜಮೀನನ್ನು ವಶಕ್ಕೆ ತೆಗೆದುಕೊಂಡಿತು. ಕರಾರು ಮುರಿದುಬಿತ್ತು ಎಂಬ, ನಿವೇಶನ ಮಾರಿದ ಕಂಪನಿಯ ವಾದವನ್ನು ಕೋರ್ಟ್ ಒಪ್ಪಲಿಲ್ಲ. ರಸ್ತೆ, ಚರಂಡಿ ಮುಗಿಸಲು ಗಡುವನ್ನೇ ಇಟ್ಟಿರದಿದ್ದಾಗ, ಯುದ್ಧಕಾಲದ ತಡ ಕರಾರಿನ ಬುಡವನ್ನು ಅಲ್ಲಾಡಿಸುವುದಿಲ್ಲ ಎಂದಿತು. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು: ಅಸಾಧ್ಯ ಎಂದರೆ ಅಕ್ಷರಶಃ ಅಸಾಧ್ಯವೇ ಆಗಬೇಕಿಲ್ಲ, ಕರಾರಿನ ಉದ್ದೇಶಕ್ಕೇ ಅದು ನಿರುಪಯೋಗಿಯಾದರೂ ಸಾಕು.

ಮದುವೆಯ ಬುಕಿಂಗ್ ನಿವೇಶನಕ್ಕೆ ತದ್ವಿರುದ್ಧ. ಇಲ್ಲಿ ದಿನವೇ ಕರಾರಿನ ಜೀವ. ಮುಹೂರ್ತ, ನೆಂಟರ ರಜೆ, ಅಡುಗೆಯವರು, ವಾಲಗದವರು ಎಲ್ಲವೂ ಆ ಒಂದು ದಿನಕ್ಕೆ ಜೋಡಿಸಿದ್ದು. ಹಾಗಾಗಿ ಬೇರೆ ದಿನ ಕೊಡುತ್ತೇವೆ ಎನ್ನುವುದು ಹಳೆಯ ಕರಾರನ್ನು ನಡೆಸಿದಂತಲ್ಲ, ಹೊಸದಕ್ಕೆ ಕರೆದಂತೆ. ಕುಟುಂಬ ಬೇಕಾದರೆ ಒಪ್ಪಬಹುದು, ಒಪ್ಪಲೇಬೇಕೆಂದಿಲ್ಲ. ಆದರೆ ಹೊಸ ದಿನಾಂಕಕ್ಕೆ ಸಹಿ ಹಾಕಿದ ಮೇಲೆ ಹಣ ವಾಪಸ್ ಕೇಳುವ ದಾರಿ ಕಿರಿದಾಗುತ್ತದೆ. ಅನುಮಾನವಿದ್ದವರು ಸಹಿಗೆ ಮೊದಲೇ ತಮ್ಮ ನಿಲುವನ್ನು ಬರವಣಿಗೆಯಲ್ಲಿ ತಿಳಿಸಬೇಕು.

ಕರಾರು ಶೂನ್ಯವಾದ ಮೇಲೆ ಕೈಯಲ್ಲಿರುವ ಹಣದ ಗತಿ ಹೇಳುವುದು ಸೆಕ್ಷನ್ 65. ಅಂಥ ಕರಾರಿನಿಂದ ಯಾರಿಗೆ ಲಾಭ ದೊರೆತಿದೆಯೋ ಅವರು ಅದನ್ನು ಕೊಟ್ಟವರಿಗೆ ಮರಳಿಸಬೇಕು, ಇಲ್ಲವೇ ಅದರ ಪರಿಹಾರ ಕೊಡಬೇಕು. ಕಾಯ್ದೆಯೇ ಕೊಟ್ಟಿರುವ ದೃಷ್ಟಾಂತ ನಮ್ಮ ಉದಾಹರಣೆಗೆ ಬಹಳ ಹತ್ತಿರದ್ದು. ಕಛೇರಿಯಲ್ಲಿ ಹಾಡಲು ಗಾಯಕರೊಬ್ಬರಿಗೆ ಸಾವಿರ ರೂಪಾಯಿ ಮುಂಗಡ ಕೊಟ್ಟಿದೆ, ಅವರು ಕಾಯಿಲೆ ಬಿದ್ದು ಹಾಡಲಾಗಲಿಲ್ಲ. ಕಛೇರಿ ನಡೆದಿದ್ದರೆ ಬರುತ್ತಿದ್ದ ಲಾಭವನ್ನು ಅವರು ತುಂಬಿಕೊಡಬೇಕಿಲ್ಲ, ಆದರೆ ಆ ಸಾವಿರವನ್ನು ವಾಪಸ್ ಮಾಡಬೇಕು.

ಇದನ್ನೇ ನಮ್ಮ ಲೆಕ್ಕಕ್ಕೆ ಹಚ್ಚಿದರೆ, ಒಂದೂವರೆ ಲಕ್ಷ ಕುಟುಂಬಕ್ಕೆ ವಾಪಸ್ ಬರಬೇಕು. ಬಾಕಿ ಒಂದೂವರೆ ಲಕ್ಷವನ್ನು ಛತ್ರದವರು ಕೇಳುವಂತಿಲ್ಲ. ಲಗ್ನಪತ್ರಿಕೆಯ ಇಪ್ಪತ್ತು ಸಾವಿರವನ್ನು ಕುಟುಂಬವೂ ಛತ್ರದವರಿಂದ ಕೇಳುವಂತಿಲ್ಲ, ಏಕೆಂದರೆ ತಪ್ಪು ಯಾರದ್ದೂ ಅಲ್ಲ. ಅಡ್ವಾನ್ಸ್ ಮೇಲೆ ಜಿಎಸ್‌ಟಿ ಕಟ್ಟಿಬಿಟ್ಟಿದ್ದೇವೆ ಎಂಬ ನೆಪವೂ ನಿಲ್ಲುವುದಿಲ್ಲ. ಸೇವೆ ನಡೆಯದಿದ್ದಾಗ ರೀಫಂಡ್ ವೋಚರ್ ಕೊಟ್ಟು ತೆರಿಗೆಯನ್ನು ಸರಿಹೊಂದಿಸಿಕೊಳ್ಳುವ ಅವಕಾಶ ಜಿಎಸ್‌ಟಿ ಕಾಯ್ದೆಯಲ್ಲೇ ಇದೆ.

ಯಾವುದೇ ಕಾರಣಕ್ಕೂ ವಾಪಸ್ ಇಲ್ಲ ಎಂಬ ಸಾಲಿನ ಬಲವನ್ನು ಈಗ ಅಳೆಯಬಹುದು. ಅದು ಬರೆದದ್ದು ಗಿರಾಕಿ ಮನಸ್ಸು ಬದಲಿಸುವುದನ್ನು ತಡೆಯಲು. ಸರ್ಕಾರವೇ ಬಾಗಿಲು ಮುಚ್ಚಿಸಿದರೆ ನಷ್ಟವೆಲ್ಲ ಗಿರಾಕಿಯದ್ದು ಎಂದು ಇಬ್ಬರೂ ಯೋಚಿಸಿ ಒಪ್ಪಿದ್ದರು ಎನ್ನಲು ಅಷ್ಟು ಸಾಮಾನ್ಯವಾದ ಮಾತು ಸಾಲದು. ಒಂದೇ ಕಡೆಗೆ ವಾಲಿದ ಇಂಥ ಷರತ್ತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನ್ಯಾಯದ ಕರಾರು ಎಂದೂ ಪ್ರಶ್ನಿಸಬಹುದು.

ಹಾಗೆಂದು ಮದುವೆ ನಿಂತಾಗಲೆಲ್ಲ ಸೆಕ್ಷನ್ 65 ನೆರವಿಗೆ ಬಾರದು. ಮನೆಯಲ್ಲಿ ಸೂತಕ ಬಂದು ಮದುವೆ ಮುಂದೆ ಹೋದರೆ ಛತ್ರ ತೆರೆದೇ ಇರುತ್ತದೆ. ಅದು ಗಿರಾಕಿಯ ರದ್ದತಿ. ಆಗಲೂ ಪೂರ್ತಿ ಹಣ ನುಂಗುವಂತಿಲ್ಲ, ಸೆಕ್ಷನ್ 74ರಂತೆ ನ್ಯಾಯವಾದ ಪರಿಹಾರವಷ್ಟೇ ಇಟ್ಟುಕೊಳ್ಳಬಹುದು. ಅದೇ ದಿನಕ್ಕೆ ಬೇರೆಯವರು ಬುಕ್ ಮಾಡಿದ್ದರೆ ಆ ಪರಿಹಾರವೂ ಇಳಿಯಬೇಕು. ಇನ್ನು ಲೈಸೆನ್ಸ್ ಇಲ್ಲದ್ದಕ್ಕೆ ಛತ್ರಕ್ಕೆ ಸೀಲ್ ಬಿದ್ದರೆ ಅದು ಮಾಲೀಕರೇ ತಂದುಕೊಂಡದ್ದು. ಅಲ್ಲಿ ಅಡ್ವಾನ್ಸ್ ಮೇಲೆ ನಷ್ಟವನ್ನೂ ಕೇಳಬಹುದು. ಕಷ್ಟದ ಪ್ರಶ್ನೆ 2020ರ ಮೇ ತಿಂಗಳದ್ದು: ಮದುವೆಗೆ ಅನುಮತಿ ಸಿಕ್ಕಿತು, ಆದರೆ ಐವತ್ತು ಜನಕ್ಕೆ ಮಾತ್ರ. ಎಂಟುನೂರು ಜನರ ಊಟಕ್ಕೆಂದೇ ಹಿಡಿದ ಹಾಲ್ ಐವತ್ತು ಜನಕ್ಕೆ ನಿರುಪಯೋಗಿ ಎಂಬ ವಾದಕ್ಕೆ ಸತ್ಯಬ್ರತ ತೀರ್ಪಿನ ಆಸರೆ ಇದೆ. ನೂರೇ ಜನಕ್ಕೆ ಹಿಡಿದಿದ್ದ ಚಿಕ್ಕ ಹಾಲ್ ಆಗಿದ್ದರೆ ಆ ವಾದ ತೆಳುವಾಗುತ್ತದೆ.

ಕಾನೂನಿನ ಕೊರತೆಯನ್ನೂ ಹೇಳಬೇಕು. ಹೂವಿನವರಿಗೆ ಹೋದ ಮೂವತ್ತು ಸಾವಿರವನ್ನು ಯಾರು ಹೊರಬೇಕೆಂದು ಸೆಕ್ಷನ್ 65 ಬಿಡಿಸಿ ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ 1904ರ ಚಾಂಡ್ಲರ್ ತೀರ್ಪಿನಂತೆ ಕೊಟ್ಟ ಹಣ ಹೋದಂತೆಯೇ ಲೆಕ್ಕವಾಗಿತ್ತು. ಆ ತೀರ್ಪನ್ನು ಮೇಲಿನ ಕೋರ್ಟ್ ತಳ್ಳಿಹಾಕಿದ ಮೇಲೆ, 1943ರ ಕಾಯ್ದೆ ಮುಂಗಡವನ್ನು ವಾಪಸ್ ಕೊಡಿಸಿಯೂ, ಆ ಕರಾರಿಗಾಗಿಯೇ ಮಾಡಿದ ಖರ್ಚನ್ನು ನ್ಯಾಯವೆನಿಸಿದರೆ ಕಳೆಯುವ ಅಧಿಕಾರವನ್ನು ಕೋರ್ಟಿಗೆ ಕೊಟ್ಟಿತು. ಹಣ ಮರಳಿಸುವ ವಿಷಯದಲ್ಲಿ ನಮ್ಮ ಕಾಯ್ದೆ ಏಳು ದಶಕ ಮುಂದಿತ್ತು, ಖರ್ಚನ್ನು ಹಂಚುವ ವಿಷಯದಲ್ಲಿ ಹಿಂದುಳಿದಿದೆ. ಒಂದೇ ಛತ್ರ ನಂಬಿ ಬದುಕುವ ಮಾಲೀಕರಿಗೂ ಇದು ಅನ್ಯಾಯವೇ.

ಹಣ ಕೇಳುವವರು ರಸೀದಿ, ಸರ್ಕಾರಿ ಆದೇಶದ ಪ್ರತಿ, ಹಣ ಕಟ್ಟಿದ ಬ್ಯಾಂಕ್ ದಾಖಲೆ ಜೋಡಿಸಿ, ಹದಿನೈದು ದಿನದ ಗಡುವಿಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಬೇಕು. ಉತ್ತರ ಬಾರದಿದ್ದರೆ, ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ಇದಕ್ಕಿಂತ ಸುಲಭದ ದಾರಿ ರಸೀದಿಯನ್ನೇ ತಿದ್ದುವುದು. ಹಳೆಯ ಸಾಲಿನ ಜಾಗದಲ್ಲಿ ಹೀಗೆ ಬರೆದರೆ ಸಾಕು: “ಸರ್ಕಾರದ ಆದೇಶ, ಬೆಂಕಿ ಅಥವಾ ಪ್ರವಾಹದಿಂದ ಈ ದಿನ ಸಮಾರಂಭ ನಡೆಸಲಾಗದಿದ್ದರೆ, ಈ ಬುಕಿಂಗ್‌ಗೆಂದೇ ಮಾಡಿದ ಖರ್ಚನ್ನು ಬಿಲ್ ತೋರಿಸಿ ಕಳೆದು, ಉಳಿದ ಅಡ್ವಾನ್ಸನ್ನು ಮೂವತ್ತು ದಿನದೊಳಗೆ ಹಿಂದಿರುಗಿಸಲಾಗುವುದು. ದಿನಾಂಕ ಬದಲಾವಣೆ ಗಿರಾಕಿಯ ಇಷ್ಟ.” ಈ ಷರತ್ತಿನಂತೆ ನಮ್ಮ ಕುಟುಂಬಕ್ಕೆ ಒಂದು ಲಕ್ಷದ ಇಪ್ಪತ್ತು ಸಾವಿರ ಬರುತ್ತಿತ್ತು, ಹೂವಿನ ಖರ್ಚು ಮಾಲೀಕರ ತಲೆಯ ಮೇಲೆ ಬೀಳುತ್ತಿರಲಿಲ್ಲ. ಇಬ್ಬರೂ ಕೋರ್ಟಿನ ಮೆಟ್ಟಿಲು ಹತ್ತಬೇಕಿರಲಿಲ್ಲ.