“ನಾನು ತೋಟ ಮಾರ್ತೀನಿ” ಅಂತ ಹೇಳಿದ್ದು ಯಾರು?

ಗೆಳೆಯನೊಬ್ಬ ಕಥೆ ಬರೆದಿದ್ದ. ದೀಪಾವಳಿ ವಿಶೇಷಾಂಕವೊಂದಕ್ಕೆ ಕಳಿಸುವ ಮೊದಲು ನನಗೆ ಮೇಲ್ ಮಾಡಿದ. “ಕಥೆ ಮುಟ್ಬೇಡ ಮಾರಾಯ, ಬರೀ ಕೋಟ್ಸು, ಕಾಮಾ, ಪ್ಯಾರಾ ನೋಡು ಸಾಕು” ಅಂದ. ಹದಿನಾಲ್ಕು ಪುಟ. ಒಂದು ಭಾನುವಾರದ ಕೆಲಸ ಅಂದುಕೊಂಡೆ. ಕಥೆ ಮುಟ್ಟದೆ ಕೋಟ್ಸ್ ಮಾತ್ರ ಸರಿಮಾಡೋದು ಆಗದ ಮಾತು ಅಂತ ಆಗ ನನಗೆ ಗೊತ್ತಿರಲಿಲ್ಲ.

ಕಥೆಯ ನಿರೂಪಕ ಪೇಟೆಯಿಂದ ಊರಿಗೆ ಬಂದ ಅಣ್ಣ. ತಂಗಿ ಸಾವಿತ್ರಿಯ ಪಾಲಿಗೆ ಸ್ವಲ್ಪ ಅಡಿಕೆ ತೋಟ ಬಂದಿದೆ. ಮೊದಲ ಪುಟದಲ್ಲೇ ಈ ಸಾಲುಗಳಿದ್ದವು, ಹೀಗೇ ಇದ್ದವು:

ಸಾವಿತ್ರಿ ಒಲೆ ಮುಂದೆ ಕೂತಿದ್ದಳು "ಚಿಕ್ಕಪ್ಪ ಬಂದಿದ್ರು" ಎಂದಳು ನಾನು ಚಪ್ಪಲಿ ಬಿಟ್ಟು ಒಳಗೆ ಬಂದೆ "ಯಾವಾಗ" "ಮಧ್ಯಾಹ್ನ" "ಏನಂದ್ರು" ನಾನು ತೋಟ ಮಾರ್ತೀನಿ ಅಂತ ಹೇಳಿದ್ರು ಅವಳು ತಲೆ ಎತ್ತಲಿಲ್ಲ.

ಮೊದಲು ಸುಲಭದ್ದು ಮಾಡಿದೆ. ಮಾತಾಡುವವರು ಬದಲಾದಲ್ಲೆಲ್ಲ ಹೊಸ ಪ್ಯಾರಾ. ಪ್ರಶ್ನೆಗೆ ಪ್ರಶ್ನಾರ್ಥಕ ಚಿಹ್ನೆ. ನೆಟ್ಟಗೆ ನಿಂತ ಕೋಟ್ಸ್ ತೆಗೆದು ತೆರೆಯುವುದಕ್ಕೆ ಒಂದು, ಮುಚ್ಚುವುದಕ್ಕೆ ಒಂದು ಅಂತ ಬಾಗಿದ ಕೋಟ್ಸ್ ಹಾಕಿದೆ. ಆಮೇಲೆ ಕೋಟ್ಸೇ ಇಲ್ಲದ ಆ ಸಾಲಿಗೆ ಬಂದೆ. ಲೇಖಕ ಹಾಕಲು ಮರೆತಿದ್ದಾನೆ ಅಂದುಕೊಂಡೆ. ಸಾವಿತ್ರಿಯ ಮಾತಿನೊಳಗೆ ಚಿಕ್ಕಪ್ಪನ ಮಾತು ಇದೆಯಲ್ಲ, ಹಾಗಾಗಿ ಹೊರಗೆ ಜೋಡಿ ಕೋಟ್ಸ್, ಒಳಗೆ ಒಂಟಿ ಕೋಟ್ಸ್:

“‘ನಾನು ತೋಟ ಮಾರ್ತೀನಿ’ ಅಂತ ಹೇಳಿದ್ರು.”

ನೋಡಲು ಅಚ್ಚುಕಟ್ಟಾಗಿತ್ತು. ಕೆಲಸ ಮುಗಿದ ಮೇಲೆ ಅಭ್ಯಾಸಬಲ, ಒಂದು ಪುಟ್ಟ ಸ್ಕ್ರಿಪ್ಟ್ ಬರೆದು ಇಡೀ ಕಥೆ ಪರೀಕ್ಷಿಸಿದೆ. ಒಂದು ಪ್ಯಾರಾದಲ್ಲಿ ತೆರೆದ ಕೋಟ್ಸ್ ಎಷ್ಟೋ ಮುಚ್ಚಿದ್ದೂ ಅಷ್ಟೇ ಇರಬೇಕು, ಅಷ್ಟೇ ಅದರ ತರ್ಕ:

```
for n, p in enumerate(open("kathe.txt", encoding="utf-8"), 1):
    if p.count("“") != p.count("”"):
        print(n, p[:40])
```

ಇದು ಉಪಯೋಗಕ್ಕೆ ಬರುವಂಥದ್ದೇ. ವರ್ಡ್‌ನಲ್ಲಿ ಕೋಟ್ಸ್ ತೆರೆಯಬೇಕೋ ಮುಚ್ಚಬೇಕೋ ಅನ್ನೋದು ಅದರ ಹಿಂದೆ ಜಾಗ ಬಿಟ್ಟಿದೆಯೋ ಇಲ್ಲವೋ ಅನ್ನೋದರ ಮೇಲೆ ನಿರ್ಧಾರವಾಗುತ್ತದೆ. ಹಾಗಾಗಿ ಅಡ್ಡಗೆರೆಯ ಬೆನ್ನಿಗೇ ಮಾತು ಶುರುವಾದರೆ ಕೋಟ್ಸ್ ತಿರುಗುಮುರುಗಾಗಿ ಬೀಳುತ್ತದೆ. ಅಂಥವು ನಾಲ್ಕು ಸಿಕ್ಕಿದವು. ಐದನೆಯದು ತಪ್ಪಾಗಿರಲಿಲ್ಲ. ಚಿಕ್ಕಮ್ಮನ ಒಂದು ಉದ್ದದ ಮಾತು ಎರಡು ಪ್ಯಾರಾಕ್ಕೆ ಹರಡಿತ್ತು. ಅಂಥ ಕಡೆ ಪ್ರತಿ ಪ್ಯಾರಾದ ಶುರುವಿಗೂ ಕೋಟ್ಸ್ ತೆರೆಯಬೇಕು, ಮುಚ್ಚುವುದು ಕೊನೆಯ ಪ್ಯಾರಾದಲ್ಲಿ ಮಾತ್ರ. ಮಾತು ಮುಗಿದಿಲ್ಲ ಅಂತ ಓದುಗರಿಗೆ ಗೊತ್ತಾಗುವುದೇ ಆ ಮುಚ್ಚದ ಕೋಟ್ಸ್‌ನಿಂದ. ನಾಲ್ಕನ್ನೂ ಸರಿಮಾಡಿ, ಆ ಐದನೆಯದನ್ನು ಬಿಟ್ಟರೆ ತಪ್ಪು ಸೊನ್ನೆ ಅಂತ ನೋಡಿ ಕಳಿಸಿದೆ.

ರಾತ್ರಿ ಫೋನು ಬಂತು. “ತೋಟ ಮಾರೋದು ಚಿಕ್ಕಪ್ಪ ಅಂತ ನಿಂಗ್ಯಾರು ಹೇಳಿದ್ದು?”

ಆ ಸಾಲನ್ನು ಮತ್ತೆ ಓದಿ. ನಾನು ತೋಟ ಮಾರ್ತೀನಿ ಅಂತ ಹೇಳಿದ್ರು. ಇಲ್ಲಿ ‘ನಾನು’ ಯಾರು? ಚಿಕ್ಕಪ್ಪನ ಬಾಯಿಂದ ಬಂದ ಮಾತನ್ನೇ ಸಾವಿತ್ರಿ ಒಪ್ಪಿಸುತ್ತಿದ್ದರೆ, ‘ನಾನು’ ಅಂದರೆ ಚಿಕ್ಕಪ್ಪ. ಸಾವಿತ್ರಿ ತನ್ನ ಬಗ್ಗೆ ಚಿಕ್ಕಪ್ಪ ಹಬ್ಬಿಸಿದ ಸುದ್ದಿ ಹೇಳುತ್ತಿದ್ದರೆ, ‘ನಾನು’ ಅಂದರೆ ಸಾವಿತ್ರಿ. ಅದು ಮಾತೇ ಅಲ್ಲ, ನಿರೂಪಣೆ ಅನ್ನುವುದಾದರೆ ‘ನಾನು’ ಅಂದರೆ ಅಣ್ಣ. ಕನ್ನಡದಲ್ಲಿ ಮೂರೂ ಸಲ್ಲುತ್ತವೆ. ಇಂಗ್ಲಿಷಿನಲ್ಲಾದರೆ ಯಾರೋ ಅಂದದ್ದನ್ನು ನಮ್ಮ ಮಾತಾಗಿ ತಿರುಗಿಸುವಾಗ ಸರ್ವನಾಮ, ಕ್ರಿಯಾಪದ ಎಲ್ಲ ಬದಲಾಗುತ್ತವೆ. ನಮ್ಮಲ್ಲಿ ‘ಅಂತ’ ಎಂಬ ಒಂದು ಪದ ಎರಡೂ ಕೆಲಸ ಮಾಡುತ್ತದೆ. ಅದರ ಹಿಂದಿರುವುದು ಅಂದವರ ಮಾತೇ ಇರಬಹುದು, ಒಪ್ಪಿಸುವವರು ತಮ್ಮದಾಗಿಸಿಕೊಂಡ ಮಾತೂ ಇರಬಹುದು. ಕೋಟ್ಸ್ ಹಾಕಿದ ಕ್ಷಣ ನಾನು ಆ ಎರಡರಲ್ಲಿ ಒಂದನ್ನು ಆರಿಸಿಬಿಟ್ಟಿದ್ದೆ.

ಗೆಳೆಯನ ಕಥೆಯಲ್ಲಿ ಇದ್ದದ್ದು ಎರಡನೆಯದು. ಸಾವಿತ್ರಿ ತೋಟ ಮಾರುತ್ತಾಳೆ ಅಂತ ಚಿಕ್ಕಪ್ಪ ಊರೆಲ್ಲ ಹೇಳಿಕೊಂಡು ಬಂದು, ಕೊನೆಗೆ ಅವಳ ಮುಖಕ್ಕೇ ಹೇಳಿದ್ದಾರೆ. ಇಡೀ ಕಥೆ ನಿಂತಿರುವುದು ಆ ಅಪವಾದದ ಮೇಲೆ. ನನ್ನ ಎರಡು ಒಂಟಿ ಕೋಟ್ಸ್ ಅಪವಾದ ಹೊತ್ತವಳನ್ನು ಬಿಡಿಸಿ, ತೋಟ ಮಾರುವ ಕೆಲಸವನ್ನು ಚಿಕ್ಕಪ್ಪನ ತಲೆಗೆ ಕಟ್ಟಿದ್ದವು.

ಇದು ನನಗೆ ಗೊತ್ತಾಗಬೇಕಿತ್ತು, ಯಾಕಂದ್ರೆ ಸುಳಿವು ಕಥೆಯಲ್ಲೇ ಇತ್ತು. ಎರಡು ಪುಟದ ನಂತರ ಸಾವಿತ್ರಿ ಅಣ್ಣನನ್ನು ಕೇಳುತ್ತಾಳೆ, “ನಿಂಗೂ ಹಾಗೇ ಅನ್ಸತ್ತಾ?” ಮಾರುವವರು ಚಿಕ್ಕಪ್ಪನಾಗಿದ್ದರೆ ಈ ಪ್ರಶ್ನೆಗೆ ಅರ್ಥವೇ ಇಲ್ಲ. ನಾನು ಆ ಸಾಲಿಗೂ ನಿಷ್ಠೆಯಿಂದ ಕೋಟ್ಸ್ ಹಾಕಿ ಮುಂದೆ ಹೋಗಿದ್ದೆ. ಆಫೀಸಿನಲ್ಲಿ ಇದನ್ನು ಕಂಪೈಲ್ ಆಗುತ್ತೆ, ಉತ್ತರ ತಪ್ಪು ಅಂತೀವಿ. ಸ್ಕ್ರಿಪ್ಟ್ ಎಣಿಸಿದ್ದು ಕೋಟ್ಸ್ ಜೋಡಿಯಾಗಿವೆಯೋ ಅಂತ, ಯಾರ ಮಾತಿಗೆ ಬಿದ್ದಿವೆ ಅಂತಲ್ಲ.

ಹಾಗಾದರೆ ಸರಿ ಮಾಡುವುದು ಹೇಗೆ? ಹೊರಗಿನ ಜೋಡಿ ಕೋಟ್ಸ್ ಇಟ್ಟು ಒಳಗಿನ ಒಂಟಿ ಕೋಟ್ಸ್ ತೆಗೆದರೂ ಗೊಂದಲ ಉಳಿಯುತ್ತದೆ. ಇಲ್ಲಿ ಚಿಹ್ನೆಯ ಕೈಯಲ್ಲಿ ಆಗದ್ದನ್ನು ಭಾಷೆ ಮಾಡುತ್ತದೆ. ನಮ್ಮಜ್ಜಿ ಕಥೆ ಹೇಳುವಾಗ ಕೋಟ್ಸ್ ಎಲ್ಲಿತ್ತು? “ಅಂದ್ಲಂತೆ”, “ಬಂದಿದ್ನಂತೆ” ಅಂತ ‘ಅಂತೆ’ ಒಂದರಲ್ಲೇ ಅದು ಕೇಳಿದ ಮಾತು ಅಂತ ತಿಳಿಯುತ್ತಿತ್ತು. ಫೋನಿನಲ್ಲಿ ಗೆಳೆಯನಿಗೆ ಸಾವಿತ್ರಿ ಅದನ್ನು ನಿಜವಾಗಿ ಹೇಗೆ ಹೇಳುತ್ತಾಳೆ ಅಂತ ಕೇಳಿದೆ. ತಕ್ಷಣ ಅವನ ಬಾಯಲ್ಲಿ ಬಂತು: “ನಾನು ತೋಟ ಮಾರ್ತೀನಂತೆ.” ಗೊಂದಲ ಅಲ್ಲಿಗೆ ಮುಗಿಯಿತು. ಮಾರುವವರು ಚಿಕ್ಕಪ್ಪನಾಗಿದ್ದರೆ ಅವಳು “ಮಾರ್ತಾರಂತೆ” ಅನ್ನುತ್ತಿದ್ದಳು. ಮೇಲಾಗಿ ‘ಅಂತೆ’ಯಲ್ಲಿ ಒಂದು ಕುಟುಕು ಇದೆ. ನೋಡು, ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಸುದ್ದಿ ಅನ್ನುವ ದನಿ ಅದು.

ಆದರೆ ಆ ಪದ ಬದಲಾಯಿಸುವ ಹಕ್ಕು ನನ್ನದಲ್ಲ. ತಿದ್ದುವವನು ಇಂಥ ಕಡೆ ಕೋಟ್ಸ್ ಹಾಕಬಾರದು, ಮಗ್ಗುಲಲ್ಲಿ ಒಂದು ಪ್ರಶ್ನೆ ಬರೆದಿಡಬೇಕು: ಇಲ್ಲಿ ‘ನಾನು’ ಯಾರು? ಅದಕ್ಕೆ ನಾನೀಗ ಒಂದು ಕ್ರಮ ಮಾಡಿಕೊಂಡಿದ್ದೇನೆ. ಹಸ್ತಪ್ರತಿ ಬಂದ ಕೂಡಲೇ ‘ಅಂತ’, ‘ಎಂದು’, ‘ಎಂದ’ ಹುಡುಕಿ, ಪ್ರತಿಯೊಂದರ ಹಿಂದೆಯೂ ‘ನಾನು’, ‘ನೀನು’, ‘ನಾಳೆ’, ‘ಇಲ್ಲಿ’ ಇದೆಯೇ ನೋಡುತ್ತೇನೆ. ಹೇಳುವವರು ಬದಲಾದರೆ ಅರ್ಥ ಬದಲಾಗುವ ಪದಗಳು ಇವು. ಇವು ಇಲ್ಲದ ಕಡೆ ಕೋಟ್ಸ್ ಹಾಕಿದರೂ ಬಿಟ್ಟರೂ ಕಥೆ ಕೆಡುವುದು ಕಡಿಮೆ.

ಹುಡುಕುವಾಗ ಒಂದು ತೊಡಕಿದೆ. ಬರವಣಿಗೆಯಲ್ಲಿ ‘ಎಂದಳು’ ಹಿಂದಿನ ಪದಕ್ಕೆ ಅಂಟಿಕೊಂಡು ‘ಬರುತ್ತೇನೆಂದಳು’ ಆಗಿರುತ್ತದೆ. ಅಲ್ಲಿ ಕೋಟ್ಸ್ ಬೇಕಾದರೆ ಸಂಧಿ ಬಿಡಿಸಲೇಬೇಕು: “ಬರುತ್ತೇನೆ” ಎಂದಳು. ಸಂಧಿ ಹಾಗೇ ಇಟ್ಟು ನಡುವೆ ಕೋಟ್ಸ್ ತುರುಕಿದರೆ, ಸೊನ್ನೆಗೆ ಅಂಟಲು ಅಕ್ಷರ ಸಿಗದೆ ಪರದೆಯ ಮೇಲೆ ಚುಕ್ಕಿಗಳ ವೃತ್ತ ಕಾಣಿಸಿಕೊಳ್ಳುತ್ತದೆ. ಲೇಖಕ ಸಂಧಿ ಮಾಡಿದ್ದರೆ, ಅದು ಬಾಯಿಂದ ಬಂದ ಮಾತಲ್ಲ, ನಿರೂಪಕ ಒಪ್ಪಿಸಿದ ಮಾತು ಅನ್ನುವುದಕ್ಕೆ ಅದೇ ಒಂದು ಸುಳಿವಿರಬಹುದು. ಬಿಡಿಸುವ ಮೊದಲು ಯೋಚಿಸಬೇಕು.

ಕಾಮಾದ ವಿಷಯದಲ್ಲೂ ನಾನು ಎಡವಿದ್ದೆ. ಇಂಗ್ಲಿಷ್ ನೋಡಿ ಎಲ್ಲ ಕಡೆ “ಬಂದಿದ್ರು,” ಎಂದಳು ಅಂತ ಹಾಕಿದ್ದೆ. ಜೋರಾಗಿ ಓದಿ ನೋಡಿದರೆ ಅಲ್ಲಿ ಉಸಿರು ನಿಲ್ಲುವುದಿಲ್ಲ. ಬಂದಿದ್ರು ಎಂದಳು, ಒಂದೇ ಉಸಿರು. ಕಾಮಾ ಹಾಕಿದರೆ ತಪ್ಪೇನಲ್ಲ, ಎಷ್ಟೋ ಪುಸ್ತಕಗಳಲ್ಲಿ ಹಾಗೇ ಇದೆ. ಕಥೆಯುದ್ದಕ್ಕೂ ಒಂದೇ ಪದ್ಧತಿ ಇರಬೇಕು ಅಷ್ಟೇ. ಆದರೆ “ಬಂದಿದ್ರು.” ಎಂದಳು ಅಂತ ಫುಲ್‌ಸ್ಟಾಪ್ ಇಟ್ಟರೆ ವಾಕ್ಯ ಅಲ್ಲೇ ಮುಗಿದು, ‘ಎಂದಳು’ ಬಸ್ಸು ತಪ್ಪಿಸಿಕೊಂಡವರ ಹಾಗೆ ನಿಲ್ಲುತ್ತದೆ. ಪ್ರಶ್ನಾರ್ಥಕ ಚಿಹ್ನೆ ಮಾತ್ರ ಒಳಗೆ ಉಳಿಯಲೇಬೇಕು, ಪ್ರಶ್ನೆ ಕೇಳಿದ್ದು ಪಾತ್ರ ತಾನೆ.

ಕೊನೆಯದು ಪ್ಯಾರಾ. ‘ಅವಳು ತಲೆ ಎತ್ತಲಿಲ್ಲ’ ಎಲ್ಲಿಗೆ ಸೇರಬೇಕು? ಅದರ ನಂತರ ಅಣ್ಣನ ಮಾತು ಇದೆ: “ಕಾಫಿ ಇದ್ಯಾ?” ಮೊದಲ ಸಲ ನಾನು ಎರಡನ್ನೂ ಒಂದೇ ಪ್ಯಾರಾದಲ್ಲಿ ಹಾಕಿದ್ದೆ. ಅವಳು ತಲೆ ಎತ್ತಲಿಲ್ಲ. “ಕಾಫಿ ಇದ್ಯಾ?” ಓದುಗರಿಗೆ ಕಾಫಿ ಕೇಳಿದ್ದು ಸಾವಿತ್ರಿ ಅನ್ನಿಸುತ್ತದೆ. ಒಬ್ಬರ ಮಾತು, ಅವರದೇ ಚಲನೆ ಒಂದು ಪ್ಯಾರಾ. ಇನ್ನೊಬ್ಬರು ಶುರುವಾದರೆ ಹೊಸದು. ಆ ಸಾಲನ್ನು ಪ್ರತ್ಯೇಕ ಪ್ಯಾರಾ ಮಾಡುವ ದಾರಿಯೂ ಇತ್ತು. ಆಗ ಅದು ದೊಡ್ಡ ಮೌನವಾಗುತ್ತದೆ. ಗೆಳೆಯ ಬೇಡ ಅಂದ: “ಅವ್ಳು ನಾಟಕ ಮಾಡೋಳಲ್ಲ.”

ಕೊನೆಗೆ ಉಳಿದದ್ದು ಹೀಗೆ:

ಸಾವಿತ್ರಿ ಒಲೆ ಮುಂದೆ ಕೂತಿದ್ದಳು. “ಚಿಕ್ಕಪ್ಪ ಬಂದಿದ್ರು” ಎಂದಳು.

ನಾನು ಚಪ್ಪಲಿ ಬಿಟ್ಟು ಒಳಗೆ ಬಂದೆ. “ಯಾವಾಗ?”

“ಮಧ್ಯಾಹ್ನ.”

“ಏನಂದ್ರು?”

“ನಾನು ತೋಟ ಮಾರ್ತೀನಂತೆ.” ಅವಳು ತಲೆ ಎತ್ತಲಿಲ್ಲ.

“ಕಾಫಿ ಇದ್ಯಾ?”

ನಡುವಿನ ಸಾಲುಗಳಿಗೆ ‘ಎಂದೆ’, ‘ಎಂದಳು’ ಬೇಕಾಗಲಿಲ್ಲ. ಇಬ್ಬರೇ ಇದ್ದಾರೆ, ಪ್ಯಾರಾ ಸಾಕು. ಮುಂದಿನ ಪುಟದಲ್ಲಿ ಚಿಕ್ಕಮ್ಮ ಬಂದ ಮೇಲೆ ಅವನ್ನು ವಾಪಸ್ ತರಬೇಕಾಯಿತು. ಅಲ್ಲಿ ಕನ್ನಡ ಒಂದು ಉಪಕಾರ ಮಾಡುತ್ತದೆ. ಎಂದೆ ಅಂದರೆ ಅಣ್ಣ, ಎಂದಳು ಅಂದರೆ ತಂಗಿ, ಎಂದರು ಅಂದರೆ ಚಿಕ್ಕಮ್ಮ. ಹೆಸರು ಹೇಳುವ ಅಗತ್ಯವೇ ಇಲ್ಲ.

ಈ ಸಾಲುಗಳನ್ನು ಸರಿಯಾಗಿ ಓದಿದ ಮೇಲೇ ನನಗೆ ಕಂಡದ್ದು ಇನ್ನೊಂದು. ತಂಗಿ ಅಷ್ಟು ದೊಡ್ಡ ಮಾತು ಹೇಳಿದಾಗ ಅಣ್ಣ ಅದು ಸುಳ್ಳು ತಾನೆ ಅಂತ ಕೇಳುವುದಿಲ್ಲ, ಕಾಫಿ ಕೇಳುತ್ತಾನೆ. ಎರಡು ಪುಟ ಬಿಟ್ಟು “ನಿಂಗೂ ಹಾಗೇ ಅನ್ಸತ್ತಾ?” ಅಂತ ಅವಳು ಕೇಳುವುದು ಅದಕ್ಕೇ. ನಾನು ಹಾಕಿದ್ದ ಎರಡು ಒಂಟಿ ಕೋಟ್ಸ್ ಅವನ ಈ ಸಣ್ಣತನವನ್ನೂ ಮುಚ್ಚಿಹಾಕಿದ್ದವು.