ಮೊಸರಿನ ಲ್ಯಾಕ್ಟೋಸ್, ಮಜ್ಜಿಗೆಹುಳಿಯ ಬಿಸಿ

ಮೊಸರಿನಲ್ಲಿ ಲ್ಯಾಕ್ಟೋಸ್ ಇದೆ. ಹಾಲಿನಲ್ಲಿರುವುದಕ್ಕಿಂತ ಕಡಿಮೆ, ಅಷ್ಟೆ. ಹೆಪ್ಪಿನ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನೆಲ್ಲ ತಿಂದು ಮುಗಿಸುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅವು ಅಷ್ಟು ದೂರ ಹೋಗುವುದೇ ಇಲ್ಲ.

ಕಾರ್ಖಾನೆಗಳಲ್ಲಿ ತಯಾರಾಗುವ ಯೋಗರ್ಟ್‌ನ ಲೆಕ್ಕವನ್ನೇ ನೋಡಬಹುದು. ಅದನ್ನು ಹೆಪ್ಪುಗಟ್ಟಿಸುವುದು ಎರಡು ಬ್ಯಾಕ್ಟೀರಿಯಾಗಳ ಜೋಡಿ: ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಮತ್ತು ಲ್ಯಾಕ್ಟೊಬ್ಯಾಸಿಲಸ್ ಬಲ್ಗೇರಿಕಸ್. ನೂರು ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 4.8 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಲ್ಯಾಕ್ಟೋಸ್‌ನ ಒಂದೊಂದು ಅಣುವೂ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎಂಬ ಎರಡು ಸಕ್ಕರೆಗಳ ಜೋಡಣೆ. ಈ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಗ್ಲೂಕೋಸನ್ನು ಬಳಸಿಕೊಂಡು, ಗ್ಯಾಲಕ್ಟೋಸನ್ನು ಬಹುಮಟ್ಟಿಗೆ ಹೊರಗೆ ಬಿಟ್ಟುಬಿಡುತ್ತವೆ. ಗ್ಲೂಕೋಸ್ ಲ್ಯಾಕ್ಟಿಕ್ ಆಮ್ಲವಾಗುತ್ತದೆ; ಮೊಸರಿನ ಹುಳಿ ಅದರದ್ದೇ. ನೂರು ಗ್ರಾಂ ಮೊಸರಿನಲ್ಲಿ 0.9 ಗ್ರಾಂ ಆಮ್ಲ ಹುಟ್ಟಬೇಕಾದರೆ ಸುಮಾರು 1.7 ಗ್ರಾಂ ಲ್ಯಾಕ್ಟೋಸ್ ಒಡೆಯಬೇಕು. ಮಿಕ್ಕ 3 ಗ್ರಾಂನಷ್ಟು ಹಾಗೆಯೇ ಉಳಿಯುತ್ತದೆ.

ಕೆಲಸ ಅಲ್ಲಿಗೇ ನಿಲ್ಲುವುದಕ್ಕೆ ಕಾರಣ ಆ ಆಮ್ಲವೇ. ಹುಳಿ ಏರಿದಂತೆ ಬ್ಯಾಕ್ಟೀರಿಯಾಗಳಿಗೆ ತಾವೇ ಮಾಡಿದ ಆಮ್ಲ ಸಹಿಸಲಾಗದೆ ಅವು ನಿಧಾನವಾಗುತ್ತವೆ. ಆದ್ದರಿಂದ ಇನ್ನೊಂದು ರಾತ್ರಿ ಹೊರಗಿಟ್ಟು ಚೆನ್ನಾಗಿ ಹುಳಿಸಿದರೂ ಮೊಸರು ಲ್ಯಾಕ್ಟೋಸ್‌ಮುಕ್ತವಾಗುವುದಿಲ್ಲ. ನಮ್ಮ ಮನೆಗಳ ಮೊಸರಿನ ಕತೆಯೂ ಹೆಚ್ಚುಕಡಿಮೆ ಇದೇ, ಆದರೆ ಅದರ ಜೀವಾಣುಗಳ ಕೂಟ ಬೇರೆ. ಯೋಗರ್ಟ್‌ನ ಜೋಡಿಗೆ 42 ಡಿಗ್ರಿಯ ಆಸುಪಾಸಿನ ಬಿಸಿ ಹಿತ. ಅಡುಗೆಮನೆಯ ಮೂಲೆಯಲ್ಲಿ ಸಾಧಾರಣ ಬೆಚ್ಚಗೆ ಹೆಪ್ಪುಗಟ್ಟುವ ಮೊಸರಿನಲ್ಲಿ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್‌ನಂಥವೂ ಇರುತ್ತವೆ. ಯಾವುದು ಎಷ್ಟು ಎಂಬುದು ಹೆಪ್ಪಿನಿಂದ ಹೆಪ್ಪಿಗೆ ಬದಲಾಗುತ್ತದೆ.

ಇಷ್ಟು ಲ್ಯಾಕ್ಟೋಸ್ ಉಳಿದಿದ್ದರೂ, ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಅನೇಕರಿಗೆ ಮೊಸರು ಒಗ್ಗುತ್ತದೆ. ಇಲ್ಲಿಯೇ ಜೀವಂತ ಬ್ಯಾಕ್ಟೀರಿಯಾಗಳ ನಿಜವಾದ ಉಪಕಾರವಿರುವುದು. ಲ್ಯಾಕ್ಟೋಸನ್ನು ಒಡೆಯುವ ಕಿಣ್ವವನ್ನು ಅವು ತಮ್ಮೊಳಗೇ ಹೊತ್ತಿರುತ್ತವೆ. ಮೊಸರು ಹೊಟ್ಟೆಯ ಆಮ್ಲದ ತೀವ್ರತೆಯನ್ನು ತಗ್ಗಿಸುವುದರಿಂದ ಅದನ್ನು ಒಂದು ಮಟ್ಟಿಗೆ ದಾಟಿ ಸಣ್ಣ ಕರುಳಿಗೆ ಬಂದಾಗ ಪಿತ್ತರಸ ಅವುಗಳ ಹೊರಪೊರೆಯನ್ನು ಸಡಿಲಿಸುತ್ತದೆ, ಒಳಗಿನ ಕಿಣ್ವ ಅಲ್ಲಿರುವ ಲ್ಯಾಕ್ಟೋಸನ್ನು ಒಡೆಯತೊಡಗುತ್ತದೆ. ಅಂದರೆ ಪಾತ್ರೆಯಲ್ಲಿ ಅರ್ಧಕ್ಕೆ ಬಿಟ್ಟ ಕೆಲಸದ ಮುಂದಿನ ಪಾಲು ಕರುಳಿನಲ್ಲಿ ನಡೆಯುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2010ರಲ್ಲಿ ಈ ಪರಿಣಾಮವನ್ನು ಒಪ್ಪಿಕೊಂಡಿತು. ಆದರೆ ಒಂದು ಗ್ರಾಂ ಮೊಸರಿನಲ್ಲಿ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾಗಳಿರಬೇಕು ಎಂಬ ಷರತ್ತನ್ನೂ ಹಾಕಿತು.

ಬಿಸಿ ಮಾಡಿದರೆ ಕೆಡುವುದು ಈ ಷರತ್ತೇ. 50 ಡಿಗ್ರಿ ದಾಟಿದರೆ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಲ್ಲುತ್ತದೆ, 60 ದಾಟಿದರೆ ಸಾವು ವೇಗವಾಗುತ್ತದೆ. ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಸ್ವಲ್ಪ ಗಟ್ಟಿಜೀವ, ಬಲ್ಗೇರಿಕಸ್ ಬೇಗ ಸೋಲುತ್ತದೆ. ಕುದಿಯುವ ಹಂತಕ್ಕೆ ಬಂದು ಕೆಲ ನಿಮಿಷ ಕಳೆದರೆ ಎರಡೂ ಉಳಿಯುವುದಿಲ್ಲ ಎನ್ನಬಹುದು. ಅವುಗಳ ಕಿಣ್ವವೂ ಕೆಡುತ್ತದೆ. ಲ್ಯಾಕ್ಟೋಸ್ ಮಾತ್ರ ಆ ಬಿಸಿಗೆ ಕರಗಿಹೋಗುವುದಿಲ್ಲ.

ಮಲೆನಾಡಿನ ತಂಬುಳಿಯನ್ನೂ ಮಜ್ಜಿಗೆಹುಳಿಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಇದು ಸ್ಪಷ್ಟವಾಗುತ್ತದೆ. ತಂಬುಳಿಗೆ ಸೊಪ್ಪನ್ನು ಜೀರಿಗೆಯೊಂದಿಗೆ ಹುರಿದು, ಆರಿಸಿ, ತೆಂಗಿನಕಾಯಿಯೊಂದಿಗೆ ರುಬ್ಬಿ ಕೊನೆಯಲ್ಲಿ ಮಜ್ಜಿಗೆ ಬೆರೆಸುತ್ತಾರೆ. ಮಜ್ಜಿಗೆ ಒಲೆ ಕಾಣುವುದಿಲ್ಲ, ಜೀವಾಣುಗಳು ಉಳಿಯುತ್ತವೆ. ಮಜ್ಜಿಗೆಹುಳಿಯಲ್ಲಿ ಬೆಂದ ತರಕಾರಿ, ರುಬ್ಬಿದ ಮಸಾಲೆ, ಮೊಸರು ಒಟ್ಟಿಗೆ ಕುದಿಗೆ ಬರುತ್ತವೆ. ಎರಡಕ್ಕೂ ಒಂದೇ ಪಾತ್ರೆಯ ಮೊಸರನ್ನು ಒಂದೇ ಅಳತೆಯಲ್ಲಿ ಹಾಕಿದ್ದರೆ ಲ್ಯಾಕ್ಟೋಸ್ ಸಮಸಮ. ಅದನ್ನು ಒಡೆಯಲು ನೆರವಾಗುವ ಕಿಣ್ವ ತಂಬುಳಿಯಲ್ಲಿ ಮಾತ್ರ. ಬಿಸಿ ಅನ್ನಕ್ಕೆ ಕಲಸಿದ ಮೊಸರು ಇವೆರಡರ ನಡುವಿನದು: ಅನ್ನ ಹಬೆಯಾಡುತ್ತಿದ್ದರೆ ತಾಗಿದಲ್ಲಿ ನಷ್ಟ, ಕೈಗೆ ಹಿತವೆನಿಸುವಷ್ಟು ಆರಿದ್ದರೆ ಹೆಚ್ಚೇನೂ ಇಲ್ಲ.

ಬಿಸಿ ತಾಗಿದ ಮೊಸರಿನಲ್ಲಿ ಜೀವ ಉಳಿದಿದೆಯೇ ಎಂದು ಪರೀಕ್ಷಿಸುವುದು ಸುಲಭ. ಕಾಯಿಸಿ ಉಗುರುಬೆಚ್ಚಗೆ ಆರಿಸಿದ ಹಾಲನ್ನು ಮೂರು ಶುದ್ಧ ಬಟ್ಟಲುಗಳಿಗೆ ಹಾಕಿ, ಒಂದಕ್ಕೆ ಹಸಿ ಮೊಸರಿನ ಹೆಪ್ಪು, ಇನ್ನೊಂದಕ್ಕೆ ಕುದಿಸಿ ಆರಿಸಿದ ಮೊಸರಿನ ಹೆಪ್ಪು ಹಾಕಿ, ಮೂರನೆಯದನ್ನು ಹಾಗೆಯೇ ಮುಚ್ಚಿಡಬೇಕು. ಆರೆಂಟು ಗಂಟೆಗಳಲ್ಲಿ ಮೊದಲನೆಯದು ಗಟ್ಟಿಯಾಗುತ್ತದೆ. ಎರಡನೆಯದು ಮೂರನೆಯದರಂತೆಯೇ ಹಾಲಾಗಿ ಉಳಿದಿದ್ದರೆ ಜೀವಾಣುಗಳು ಸತ್ತಿವೆ. ಒಂದು ದಿನ ಬಿಟ್ಟು ನೋಡಿದರೆ ಮೂರನೆಯದೂ ಒಡೆದೀತು. ಅದು ಗಾಳಿಯಿಂದ, ಪಾತ್ರೆಯಿಂದ ಬಂದ ಬೇರೆ ಬ್ಯಾಕ್ಟೀರಿಯಾಗಳ ಕೆಲಸ.

ಲ್ಯಾಕ್ಟೋಸ್ ಇಲ್ಲದ್ದೇ ಬೇಕೆನ್ನುವವರಿಗೆ ಹೊರಗಿನಿಂದ ಲ್ಯಾಕ್ಟೇಸ್ ಕಿಣ್ವ ಸೇರಿಸಿದ ಹಾಲಿನ ಮೊಸರೇ ದಾರಿ. ಒಡೆದ ಸಕ್ಕರೆಗಳು ಲ್ಯಾಕ್ಟೋಸ್‌ಗಿಂತ ಸಿಹಿಯಾದ್ದರಿಂದ ಆ ಮೊಸರಿನ ರುಚಿಯಲ್ಲಿ ಸಣ್ಣ ಸಿಹಿ ಇರುತ್ತದೆ. ಗ್ಯಾಲಕ್ಟೋಸ್ ಅದರಲ್ಲೂ ಇದೆ. ಹುಟ್ಟಿನಿಂದ ಗ್ಯಾಲಕ್ಟೋಸೀಮಿಯಾ ಇರುವ ಮಕ್ಕಳಿಗೆ ಅದೂ ವರ್ಜ್ಯ.